ವಾಸಿಯಾಗದ ಕ್ಯಾನ್ಸರ್ ಅಂತ ಮನೆಯವರಿಗೆ ಹೇಳೋದು, ಹೇಳಿದ್ದನ್ನ ಕೇಸ್ ಶೀಟಲ್ಲಿ ಬರಿಯೋದು

ಕೇಸ್ ಶೀಟುಗಳಲ್ಲಿ ಒಂದು ಲೈನ್ ಇರುತ್ತೆ, "ಪೂರ್ ಪ್ರೋಗ್ನೋಸಿಸ್ ಎಕ್ಸ್‌ಪ್ಲೇನ್ಡ್ ಟು ಅಟೆಂಡರ್ಸ್", ಕೆಳಗೆ ಒಂದು ಸೈನು, ಮುಗೀತು. ಇಂಟರ್ನ್‌ಶಿಪ್ ಪೂರ್ತಿ ನಾನೂ ಇದನ್ನೇ ಬರ್ದಿದೀನಿ. ಒಂದು ಸಲ ಹೀಗೆ ಬರ್ದು ಮನೆಗೆ ಹೋದೆ, ರಾತ್ರಿ ಡ್ಯೂಟಿಗೆ ಬಂದ ಡಾಕ್ಟರಿಗೆ ಆ ಲೈನಿಂದ ಏನೂ ಗೊತ್ತಾಗ್ಲಿಲ್ಲ, ಪೇಶೆಂಟಿನ ತಮ್ಮ ಬಂದು ಕೇಳಿದಾಗ ಅವ್ರು "ಕೀಮೋ ಕೊಟ್ಟು ನೋಡ್ಬಹುದು" ಅಂದ್ರು, ಬೆಳಗ್ಗೆ ಆ ಮನೆಯವ್ರು "ನಿನ್ನೆ ನೀವು ಒಂದು ಹೇಳಿದ್ರಿ, ರಾತ್ರಿ ಅವ್ರು ಇನ್ನೊಂದು ಹೇಳಿದ್ರು, ಯಾರ ಮಾತು ನಂಬೋದು" ಅಂತ ನನ್ನ ಮುಂದೆ ನಿಂತ್ರು. ಅವರಿಗೆ ಸಿಟ್ಟು ಬಂದಿದ್ದು ಸರಿಯಾಗೇ ಇತ್ತು, ಯಾಕಂದ್ರೆ ಯಾರಿಗೆ ಹೇಳ್ದೆ, ಯಾವ ಮಾತಲ್ಲಿ ಹೇಳ್ದೆ, ಅವ್ರು ಏನು ಕೇಳಿದ್ರು ಅನ್ನೋದು ನನ್ನ ನೋಟಲ್ಲಿ ಎಲ್ಲೂ ಇರ್ಲಿಲ್ಲ. ಆವತ್ತಿಂದ ಮಾತಾಡೋದನ್ನೂ ಬರಿಯೋದನ್ನೂ ಒಂದೇ ಕೆಲಸ ಅಂತ ಇಟ್ಕೊಂಡಿದೀನಿ.

ಮಾತಾಡೋ ಕ್ರಮಕ್ಕೆ ಎಲ್ಲರೂ ಓದೋದು ಸ್ಪೈಕ್ಸ್, 2000ರಲ್ಲಿ ಬಂದ ಆರು ಹೆಜ್ಜೆಯ ಪದ್ಧತಿ: ಕೂರೋ ವ್ಯವಸ್ಥೆ, ಅವರಿಗೆ ಈಗಾಗ್ಲೇ ಏನು ಗೊತ್ತು, ಎಷ್ಟು ತಿಳ್ಕೋಬೇಕು ಅಂತಿದಾರೆ, ವಿಷ್ಯ ಹೇಳೋದು, ಅವರ ದುಃಖಕ್ಕೆ ಜಾಗ ಕೊಡೋದು, ಮುಂದೇನು. ಪರೀಕ್ಷೆಗೆ ಇಷ್ಟು ಸಾಕು, ಆದ್ರೆ ನಮ್ಮ ವಾರ್ಡಲ್ಲಿ ಮೂರನೇ ಹೆಜ್ಜೆಯಲ್ಲೇ ಎಲ್ಲಾ ಸಿಕ್ಕಾಕೊಳ್ಳೋದು, ಯಾಕಂದ್ರೆ ರಿಪೋರ್ಟ್ ಮೊದ್ಲು ಮಗನ ಕೈಗೆ ಹೋಗಿರುತ್ತೆ. ಅದಕ್ಕೆ ಒಂದು ಕೇಸ್ ಇಟ್ಕೊಂಡು ಪೂರ್ತಿ ಬರಿತೀನಿ. ಎರಡು ಮೂರು ಪೇಶೆಂಟುಗಳ ವಿಷ್ಯ ಸೇರಿಸಿ ಕಲಿಯೋಕೆ ಅಂತ ಕಟ್ಟಿರೋ ಕೇಸಿದು.

ಮಂಡ್ಯ ಕಡೆ ರೈತರು, 58 ವರ್ಷ. ಎರಡು ತಿಂಗಳಿಂದ ಊಟ ಸೇರಲ್ಲ, ತೂಕ ಇಳೀತು, ಹೊಟ್ಟೇಲಿ ನೀರು ತುಂಬ್ತು. ಎಂಡೋಸ್ಕೋಪಿ ಬಯಾಪ್ಸಿಯಲ್ಲಿ ಜಠರದ ಕ್ಯಾನ್ಸರ್, ಸಿಟಿ ಸ್ಕ್ಯಾನಲ್ಲಿ ಲಿವರಿಗೂ ಹೊಟ್ಟೆಯ ಒಳಪೊರೆಗೂ ಹರಡಿದೆ, ಕಾಮಾಲೆ ಶುರುವಾಗಿದೆ. ಹಗಲಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಲಗೇ ಇರ್ತಾರೆ, ಅಂದ್ರೆ ಇಕಾಗ್ ಲೆಕ್ಕದಲ್ಲಿ 3. ಈ ಸ್ಥಿತೀಲಿ ಕೀಮೋ ಕೊಟ್ರೆ ಲಾಭಕ್ಕಿಂತ ತೊಂದ್ರೆನೇ ಜಾಸ್ತಿ ಅಂತ ಆಂಕಾಲಜಿಯವ್ರು ಬರ್ದಿದಾರೆ. ಮನೆಯವರ ಹತ್ರ ಕೂರೋ ಮೊದ್ಲು ಇದೆಲ್ಲ ನಮ್ಮ ನಮ್ಮಲ್ಲೇ ಒಂದೇ ಮಾತು ಆಗಿರ್ಬೇಕು, ಆಂಕಾಲಜಿ ಅಭಿಪ್ರಾಯ ಬರದೇ ಕೂತ್ರೆ "ಹಂಗಾದ್ರೆ ಕೀಮೋ?" ಅನ್ನೋ ಮೊದಲ ಪ್ರಶ್ನೆಗೇ ತಡಬಡಿಸ್ತೀವಿ.

ಮಗ ಕಾರಿಡಾರಲ್ಲೇ ಹಿಡ್ಕೊಂಡ. "ಮೇಡಂ, ನಮ್ಮಪ್ಪಂಗೆ ಮಾತ್ರ ಹೇಳ್ಬೇಡಿ, ಎದೆ ಒಡ್ಕೊಂಬಿಡ್ತಾರೆ." ಇಲ್ಲಿ "ಆಯ್ತಪ್ಪ" ಅಂತ ಮಾತು ಕೊಡೋದೂ ತಪ್ಪು, "ಅದು ಪೇಶೆಂಟಿನ ಹಕ್ಕು" ಅಂತ ಪಾಠ ಮಾಡೋದೂ ತಪ್ಪು. ನಮ್ಮ ಯೂನಿಟ್ ಚೀಫ್ ಕೇಳಿದ್ದು ಇಷ್ಟೇ: "ಹೇಳಿದ್ರೆ ಏನಾಗುತ್ತೆ ಅಂತ ನಿಂಗೆ ಭಯ?" ಆಗ ಅವ್ನು ಹೇಳ್ದ, ಅವರ ದೊಡ್ಡಪ್ಪ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ಊಟ ಬಿಟ್ಟಿದ್ರಂತೆ. ಅಸಲು ವಿಷ್ಯ ಅದು. ಅದಕ್ಕೆ ಚೀಫ್, "ನಾವಾಗೇ ಹೋಗಿ ಹೇಳಲ್ಲ. ಆದ್ರೆ ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ, ಎಷ್ಟು ಕೇಳ್ತಾರೋ ಅಷ್ಟೇ ಹೇಳ್ತೀವಿ, ಆಗ ನೀನೂ ಪಕ್ಕದಲ್ಲೇ ಇರು" ಅಂದ್ರು. ಈ ಮೂರೂ ಮಾತು ನೋಟಿಗೆ ಬರ್ಬೇಕು.

ಆಮೇಲೆ ಪೇಶೆಂಟ್ ಹತ್ರ ಹೋಗಿ, ಸ್ಕ್ರೀನ್ ಎಳ್ದು, ಸ್ಟೂಲ್ ಹಾಕ್ಕೊಂಡು ಕೂತು ಕೇಳಿದ್ವಿ: "ಯಜಮಾನ್ರೇ, ಟೆಸ್ಟ್‌ಗಳೆಲ್ಲ ಬಂದಿವೆ. ಕೆಲವರಿಗೆ ಎಲ್ಲಾ ತಿಳ್ಕೋಬೇಕು ಅನ್ಸುತ್ತೆ, ಕೆಲವ್ರು ಮನೆಯವರಿಗೆ ಹೇಳಿ ಅಂತಾರೆ. ನಿಮಗೆ ಹೆಂಗೆ?" ಅವ್ರು ಸ್ವಲ್ಪ ಹೊತ್ತು ಡ್ರಿಪ್ ಬಾಟ್ಲಿ ನೋಡ್ಕೊಂಡಿದ್ದು, "ಈಗ ಮಗಂಗೂ ಅವ್ಳಿಗೂ ಹೇಳಿ, ಬೇಕಾದಾಗ ನಾನೇ ಕೇಳ್ತೀನಿ" ಅಂದ್ರು. ಮನೆಯವರಿಗೆ ಹೇಳೋಕೆ ನಮಗೆ ಸಿಕ್ಕ ಒಪ್ಪಿಗೆ ಇದು. ಇದನ್ನ ಅವರ ಮಾತಲ್ಲೇ, ಟೈಮ್ ಹಾಕಿ ಬರ್ಕೊಳ್ಳಿ. ಎಷ್ಟೋ ಸಲ ನಾವು ಈ ಪ್ರಶ್ನೆ ಕೇಳೋದೇ ಇಲ್ಲ, ನೇರ ಮಗನ ಜೊತೆ ಕೂತ್ಬಿಡ್ತೀವಿ.

ಮೀಟಿಂಗಿಗೆ ಸಿಸ್ಟರ್ ರೂಮ್ ಖಾಲಿ ಮಾಡಿಸ್ಕೊಂಡ್ವಿ. ಹೆಂಡ್ತಿ, ಮಗ, ಮಗಳು, ಪೇಶೆಂಟಿನ ತಮ್ಮ. ನಮ್ಮ ಕಡೆ ಚೀಫ್, ನಾನು, ಡ್ಯೂಟಿ ಸಿಸ್ಟರ್. ಮನೇಲಿ ಯಾರ ಮಾತು ನಡೆಯುತ್ತೋ ಅವ್ರು ಇರ್ಲೇಬೇಕು, ಇಲ್ಲಿ ಅದು ತಮ್ಮ, ಅವರನ್ನ ಬಿಟ್ಟು ಮಾಡಿದ್ರೆ ಸಂಜೆ ಇದೇ ಮೀಟಿಂಗ್ ಇನ್ನೊಂದ್ಸಲ ಮಾಡ್ಬೇಕಾಗುತ್ತೆ.

ಮೊದಲ ಪ್ರಶ್ನೆ ಯಾವಾಗ್ಲೂ "ನಿಮಗೆ ಇಲ್ಲಿವರೆಗೂ ಏನು ಹೇಳಿದಾರೆ?" ಹೆಂಡ್ತಿ, "ಹೊಟ್ಟೇಲಿ ಗಡ್ಡೆ ಅಂದ್ರು, ತೆಗಿಬೇಕು ಅಂದ್ರು" ಅಂದ್ರು. ನೋಡಿ, ಗಡ್ಡೆ ಅಂದ್ರೆ ತೆಗೆದ್ರೆ ಹೋಗುತ್ತೆ ಅಂತ ಅರ್ಥ, ನಾವು ಮೆತ್ತಗೆ ಹೇಳೋಣ ಅಂತ ಬಳಸೋ ಪದನೇ ಅವರನ್ನ ದಾರಿ ತಪ್ಸಿತ್ತು. "ರಿಪೋರ್ಟ್ ಪಾಸಿಟಿವ್" ಅನ್ನೋದೂ ಹಂಗೇ, ಒಳ್ಳೇದು ಅಂದ್ಕೋತಾರೆ.

ಆಮೇಲೆ ಚೀಫ್ ಹೇಳಿದ್ದು ಹೀಗೆ. "ಸುದ್ದಿ ನಾವು ಅಂದ್ಕೊಂಡಷ್ಟು ಒಳ್ಳೇದಿಲ್ಲ." ನಿಲ್ಸಿದ್ರು. "ಅವರಿಗಿರೋದು ಹೊಟ್ಟೆ ಕ್ಯಾನ್ಸರ್. ಲಿವರಿಗೂ ಹರಡಿದೆ." ಮತ್ತೆ ನಿಲ್ಸಿದ್ರು. "ಆಪರೇಶನ್ನಿಂದಾಗ್ಲಿ ಕೀಮೋದಿಂದಾಗ್ಲಿ ವಾಸಿ ಮಾಡೋ ಹಂತ ದಾಟಿದೆ." ಇಷ್ಟೇ, ಮೂರು ತುಣುಕು. ಕ್ಯಾನ್ಸರ್ ಅನ್ನೋ ಪದ ಬಿದ್ಮೇಲೆ ಅವ್ರು ಮುಂದಿಂದು ಕೇಳಿಸ್ಕೊಳ್ಳಲ್ಲ, ಆಗ ನಾವು ಬಾಯಿ ಮುಚ್ಕೊಂಡಿರ್ಬೇಕು. ನಂಗೆ ಅತಿ ಕಷ್ಟ ಅನ್ಸೋದು ಅದೇ, ಮಗಳು ಅಳ್ತಿದ್ಳು, ನಾನು ಲಿವರ್ ಬಗ್ಗೆ ಏನೋ ವಿವರಿಸೋಕೆ ಹೋದೆ, ಸಿಸ್ಟರ್ ನನ್ನ ಮೊಣಕೈ ಮುಟ್ಟಿ ತಡೆದ್ರು.

ಸ್ವಲ್ಪ ಹೊತ್ತಾದ್ಮೇಲೆ ಹೆಂಡ್ತಿನೇ ಕೇಳಿದ್ರು, "ಲಿವರ್ ಅಂದ್ರೆ ಕಾಮಾಲೆ ಅಲ್ವಾ, ನಮ್ಮೂರ ಹತ್ರ ಕಾಮಾಲೆಗೆ ಬೇರು ಕೊಡ್ತಾರೆ." ಕೇಳಿದ್ದು ಎಷ್ಟು ಮುಟ್ಟಿದೆ ಅಂತ ಇಂಥಾ ಪ್ರಶ್ನೇಲೇ ಗೊತ್ತಾಗೋದು. ಇದು ಬೇರೆ ಕಾಮಾಲೆ, ಕ್ಯಾನ್ಸರ್ ಲಿವರಲ್ಲಿ ಇರೋದ್ರಿಂದ ಬಂದಿದ್ದು, ಬೇರಿಂದ ಇಳಿಯಲ್ಲ ಅಂತ ನಿಧಾನಕ್ಕೆ ಹೇಳಿದ್ವಿ. ತಮ್ಮ, "ಎರಡೆಕರೆ ಮಾರಿಯಾದ್ರೂ ಬೆಂಗಳೂರಿಗೆ ಕರ್ಕೊಂಡು ಹೋಗ್ತೀವಿ" ಅಂದ್ರು. ಬೇಡ ಅಂತ ನಾವು ಅನ್ನಲ್ಲ. ಇನ್ನೊಂದು ಕಡೆ ಅಭಿಪ್ರಾಯ ತಗೊಳ್ಳೋಕೆ ರಿಪೋರ್ಟ್, ಬಯಾಪ್ಸಿ ಸ್ಲೈಡು, ಸಿಟಿ ಸಿಡಿ ಕೊಡ್ತೀವಿ, ಮೊದ್ಲು ಕಾಗದ ತಗೊಂಡು ನೀವೊಬ್ರು ಹೋಗಿ ಬನ್ನಿ, ಅವರನ್ನ ಗಾಡೀಲಿ ಓಡಾಡಿಸ್ಬೇಡಿ, ಜಮೀನು ಮಾರೋದು ಆ ಉತ್ತರ ಬಂದ್ಮೇಲೆ ಯೋಚ್ನೆ ಮಾಡಿ ಅಂತ ಚೀಫ್ ಹೇಳಿದ್ರು. ಈ ಒಂದು ಮಾತಿಂದ ಒಂದು ಮನೆ ಸಾಲದಿಂದ ಉಳಿಯುತ್ತೆ ಅಂತ ನಂಗನ್ಸುತ್ತೆ.

ಎಷ್ಟು ದಿನ ಅನ್ನೋ ಪ್ರಶ್ನೆ ಮಗಳಿಂದ ಬಂತು, ನಾಲ್ಕು ತಿಂಗಳಾದ್ಮೇಲೆ ಅವಳ ಮದುವೆ. "ದೇವ್ರಿಗೆ ಗೊತ್ತು" ಅಂದ್ರೆ ಅವಳಿಗೆ ಏನೂ ಸಿಗಲ್ಲ, "ಆರು ವಾರ" ಅಂದ್ರೆ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಂಡು ಕೂರ್ತಾರೆ. ಸ್ಥಿತಿ ಎಷ್ಟು ಬೇಗ ಬದಲಾಗ್ತಿದೆ ಅಂತ ನೋಡ್ಬೇಕು: ತಿಂಗಳಿಂದ ತಿಂಗಳಿಗೆ ಇಳಿತಿದ್ರೆ ತಿಂಗಳುಗಳು, ವಾರದಿಂದ ವಾರಕ್ಕಾದ್ರೆ ವಾರಗಳು, ದಿನದಿಂದ ದಿನಕ್ಕಾದ್ರೆ ದಿನಗಳು. ಇವ್ರು ಹೋದ ವಾರ ಬಾತ್ರೂಮಿಗೆ ನಡ್ಕೊಂಡು ಹೋಗ್ತಿದ್ರು, ಈ ವಾರ ಹಿಡ್ಕೋಬೇಕು. ಹಾಗಾಗಿ "ವಾರಗಳ ಲೆಕ್ಕ, ಒಂದೆರಡು ತಿಂಗಳಾಗ್ಬಹುದು, ಅದಕ್ಕಿಂತ ಬೇಗನೂ ಆಗ್ಬಹುದು. ಮದುವೆಗೆ ಅವ್ರು ಇರ್ಬೇಕು ಅನ್ನೋದಿದ್ರೆ ಮುಂದಕ್ಕೆ ಕಾಯ್ಬೇಡಿ" ಅಂದ್ರು.

"ಇನ್ನೇನೂ ಮಾಡಕ್ಕಾಗಲ್ಲ" ಅನ್ನೋ ಮಾತು ಮಾತ್ರ ಬಾಯಿಂದ ಬರಬಾರದು, ಅದು ಸುಳ್ಳು ಕೂಡ. ನೋವಿಗೆ ಮಾರ್ಫಿನ್ ಮಾತ್ರೆ 5 ಎಂಜಿ ನಾಲ್ಕು ಗಂಟೆಗೊಂದ್ಸಲ ಶುರುವಾಗಿದೆ, ಜೊತೆಗೆ ಮಲಬದ್ಧತೆಗೆ ಮಾತ್ರೆ, ಹೊಟ್ಟೆ ಬಿಗಿದ್ರೆ ನೀರು ತೆಗಿತೀವಿ, ಇದನ್ನೆಲ್ಲ ಹೇಳಿ. ಮಾರ್ಫಿನ್ ಎಲ್ಲಾ ಮೆಡಿಕಲ್ ಶಾಪಲ್ಲಿ ಸಿಗಲ್ಲ, ಊರಿಗೆ ಹೋದ್ಮೇಲೆ ಮಾತ್ರೆ ಎಲ್ಲಿಂದ ಅನ್ನೋದು ಡಿಸ್ಚಾರ್ಜ್‌ಗೆ ಮೊದ್ಲೇ ಗೊತ್ತು ಮಾಡ್ಕೊಡ್ಬೇಕು.

ಈಗ ನೋಟು. ನಾವು ಬರಿಯೋದು ಇಂಗ್ಲಿಷಲ್ಲೇ, ಪೇಶೆಂಟಿನ ಮಾತು ಮಾತ್ರ ಕನ್ನಡದಲ್ಲೇ ಬಿಡ್ತೀನಿ. ಇಲ್ಲಿ ಪೂರ್ತಿ ಕನ್ನಡದಲ್ಲಿ ಕೊಡ್ತಿದೀನಿ:

"ಬೆ. 11.20ರಿಂದ 11.55, ಸಿಸ್ಟರ್ ರೂಮ್. ಹಾಜರಿದ್ದವರು: ಹೆಂಡತಿ, ಮಗ, ಮಗಳು, ತಮ್ಮ, ಯೂನಿಟ್ ಚೀಫ್, ಪಿಜಿ, ಡ್ಯೂಟಿ ಸಿಸ್ಟರ್. ಮನೆಯವರಿಗೆ ಹೇಳಲು ಪೇಶೆಂಟ್ ಒಪ್ಪಿಗೆ 10.40ಕ್ಕೆ: 'ಈಗ ಮಗಂಗೂ ಅವ್ಳಿಗೂ ಹೇಳಿ, ಬೇಕಾದಾಗ ನಾನೇ ಕೇಳ್ತೀನಿ.' ಮೊದಲಿನ ತಿಳಿವಳಿಕೆ: ತೆಗೆಯಬಹುದಾದ ಗಡ್ಡೆ. ಹೇಳಿದ್ದು: ಜಠರದ ಕ್ಯಾನ್ಸರ್, ಲಿವರಿಗೆ ಹರಡಿದೆ, ವಾಸಿಯಾಗುವ ಹಂತ ದಾಟಿದೆ, ಆಪರೇಶನ್ ಮತ್ತು ಕೀಮೋ ಇಲ್ಲ, ಕಾರಣ ವಿವರಿಸಿದೆ. ಅವಧಿ: ವಾರಗಳು, ಒಂದೆರಡು ತಿಂಗಳಾಗಬಹುದು, ಖಚಿತವಿಲ್ಲ. ಮಗನ ಕೋರಿಕೆ: ಅಪ್ಪನಿಗೆ ಹೇಳಬೇಡಿ, ಭಯ: ಊಟ ಬಿಡುತ್ತಾರೆ. ಕೊಟ್ಟ ಉತ್ತರ: ನಾವಾಗಿ ಹೇಳುವುದಿಲ್ಲ, ಕೇಳಿದರೆ ಸುಳ್ಳಿಲ್ಲ, ಮಗ ಜೊತೆಗಿರಲಿ. ಎರಡನೇ ಅಭಿಪ್ರಾಯಕ್ಕೆ ರಿಪೋರ್ಟ್, ಸ್ಲೈಡ್, ಸಿಡಿ ಕೊಡುವುದು. ಕೊನೆಯಲ್ಲಿ ಮಗ ತಿರುಗಿ ಹೇಳಿದ್ದು: 'ವಾಸಿ ಆಗಲ್ಲ, ನೋವು ಇಲ್ದಂಗೆ ನೋಡ್ಕೋತೀರಿ.' ಇಂದು ಮಾತಾಡದ್ದು: ಐಸಿಯು, ವೆಂಟಿಲೇಟರ್. ನಾಳೆ 4ಕ್ಕೆ ಮತ್ತೆ ಭೇಟಿ."

ಕೊನೆಗಿರೋ "ಮಾತಾಡದ್ದು" ಅನ್ನೋ ಸಾಲು ನಾನೇ ಸೇರಿಸ್ಕೊಂಡಿದ್ದು. ಒಂದೇ ಕೂರಿಕೇಲಿ ವೆಂಟಿಲೇಟರ್ ವಿಷ್ಯಾನೂ ತುರುಕಿದ್ರೆ ಯಾವ್ದೂ ತಲೆಗೆ ಹೋಗಲ್ಲ, ಆದ್ರೆ ಆಗಿಲ್ಲ ಅಂತ ಬರೀದೇ ಇದ್ರೆ ರಾತ್ರಿ ಉಸಿರಾಟ ಏರಿದಾಗ ಡ್ಯೂಟಿ ಡಾಕ್ಟರ್ ಎಲ್ಲಾ ಮಾತಾಡಿ ಆಗಿದೆ ಅಂದ್ಕೋತಾರೆ. ಮಗ ತಿರುಗಿ ಹೇಳಿದ ಸಾಲೂ ಅಷ್ಟೇ ಮುಖ್ಯ, "ಅರ್ಥವಾಗಿದೆ" ಅಂತ ನಾವು ಬರಿಯೋದಕ್ಕಿಂತ ಅದು ನಂಬೋ ಹಂಗಿರುತ್ತೆ.

ಮಾರನೇ ದಿನ ನಾಲ್ಕು ಗಂಟೆವರೆಗೂ ಕಾಯ್ಬೇಕಾಗ್ಲಿಲ್ಲ. ಬೆಳಗ್ಗೆ ರೌಂಡ್ಸಲ್ಲಿ ಅವರೇ ಚೀಫ್ ಕೈ ಹಿಡ್ಕೊಂಡ್ರು. ನೋಟಿನ ಕೆಳಗೆ ಬರ್ದಿದ್ದು: "ಬೆ. 9.10. ಪೇಶೆಂಟ್ ಕೇಳಿದ್ದು: 'ಇದು ವಾಸಿ ಆಗೋದಲ್ಲ ಅಲ್ವಾ ಡಾಕ್ಟ್ರೇ?' ಮಗನನ್ನು ಕರೆಸಿ, ಅಲ್ಲ ಎಂದು ಹೇಳಲಾಯಿತು. ಎಷ್ಟು ದಿನ ಎಂದು ಕೇಳಲಿಲ್ಲ, ಹೇಳಲಿಲ್ಲ. 'ಮೈ ಹೇಳ್ತಿತ್ತು ನಂಗೆ. ಜಮೀನಿನ ಖಾತೆ ಮಗನ ಹೆಸರಿಗೆ ಆಗ್ಬೇಕು, ಊರಿಗೆ ಕಳ್ಸಿ.' ಮಧ್ಯಾಹ್ನ ಅರ್ಧ ಮುದ್ದೆ ಉಂಡರು. ಮಾತ್ರೆ ಸಿಗುವ ಆಸ್ಪತ್ರೆ ಖಚಿತವಾದ ಕೂಡಲೇ ಡಿಸ್ಚಾರ್ಜ್."