ಒಂದೂ ಷೇರು ಕೊಳ್ಳದೆ ಹೆಚ್ಚುವ ಹಿಡಿತ

ಷೇರುಪೇಟೆಯ ಬಗ್ಗೆ ಮಾತು ಬಂದಾಗಲೆಲ್ಲ ಒಂದು ತಪ್ಪು ನಂಬಿಕೆ ಎದುರಾಗುತ್ತದೆ. "ಮೆಟಾ ಕಂಪನಿಯಲ್ಲಿ ಮಾರ್ಕ್ ಜುಕರ್‌ಬರ್ಗ್ ಪಾಲು ಇರೋದು ಸುಮಾರು 13 ಶೇಕಡ. ಉಳಿದವರೆಲ್ಲ ಒಂದಾದರೆ ನಾಳೆಯೇ ಮನೆಗೆ ಕಳಿಸಬಹುದು." ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಉಳಿದವರೆಲ್ಲ ಒಂದಾದರೂ ಆಗುವುದಿಲ್ಲ. ಜುಕರ್‌ಬರ್ಗ್ ಕೈಯಲ್ಲಿ ಶೇಕಡ 60ಕ್ಕೂ ಜಾಸ್ತಿ ಮತಗಳಿವೆ. ನಿರ್ದೇಶಕ ಮಂಡಳಿ ಅವರನ್ನು ತೆಗೆಯಬಹುದು ಅನ್ನುವುದು ಕಾಗದದ ಮೇಲಿನ ಮಾತು. ಆ ಮಂಡಳಿಯನ್ನು ಆರಿಸುವ ಮತಗಳೇ ಅವರ ಹತ್ತಿರ ಇವೆಯಲ್ಲ!

ಇದರ ಹಿಂದಿರುವುದು ಎರಡು ಬಗೆಯ ಷೇರು. ಸಾಮಾನ್ಯ ಜನ ಕೊಳ್ಳುವ ಎ ಕ್ಲಾಸ್ ಷೇರಿಗೆ ಒಂದು ಮತ. ಸ್ಥಾಪಕರು ಮತ್ತು ಮೊದಮೊದಲು ಹಣ ಹಾಕಿದವರ ಬಿ ಕ್ಲಾಸ್ ಷೇರಿಗೆ ಹತ್ತು ಮತ. ಲಾಭದಲ್ಲಿ ಎರಡಕ್ಕೂ ಒಂದೇ ಪಾಲು. ಇಷ್ಟು ಬಹಳ ಜನರಿಗೆ ಗೊತ್ತು. "ಒಂದಕ್ಕೆ ಹತ್ತು ಮತ, ಅನ್ಯಾಯ" ಎಂದು ಬೈದು ಸುಮ್ಮನಾಗುತ್ತಾರೆ. ನನಗೆ ಕುತೂಹಲ ಹುಟ್ಟಿಸುವುದು ಆ ಹತ್ತು ಅಲ್ಲ. ಷೇರುಪೇಟೆಗೆ ಬಂದ ಮೇಲೆ ಈ ಯಂತ್ರ ತಾನೇ ತಾನಾಗಿ ಹೇಗೆ ತಿರುಗುತ್ತದೆ ಅನ್ನುವುದು.

ಒಂದು ಲೆಕ್ಕ ಹಾಕೋಣ. ಒಂದು ಕಂಪನಿಯಲ್ಲಿ ಒಟ್ಟು 100 ಷೇರು ಇವೆ ಎಂದುಕೊಳ್ಳಿ. ಸ್ಥಾಪಕಿಯ ಬಳಿ 20 ಬಿ ಷೇರು. ಹಳೆಯ ಹೂಡಿಕೆದಾರರ ಬಳಿ 30 ಬಿ ಷೇರು. ಸಾರ್ವಜನಿಕರ ಬಳಿ 50 ಎ ಷೇರು. ಮತಗಳನ್ನು ಎಣಿಸಿ: ಸ್ಥಾಪಕಿಗೆ 200, ಹಳೆಯ ಹೂಡಿಕೆದಾರರಿಗೆ 300, ಜನರಿಗೆ 50. ಒಟ್ಟು 550. ಸ್ಥಾಪಕಿಯ ಪಾಲು ಶೇಕಡ 36 ಮಾತ್ರ. ಅಂದರೆ ಐಪಿಒ ದಿನ, ಕಂಪನಿ ಷೇರುಪೇಟೆಗೆ ಕಾಲಿಟ್ಟ ದಿನ, ಅವರು ಒಬ್ಬರೇ ಏನೂ ಮಾಡಲಾಗದು. ಹಳೆಯ ಹೂಡಿಕೆದಾರರನ್ನು ಒಪ್ಪಿಸಲೇಬೇಕು.

ಇನ್ನು ಎರಡು ಮೂರು ವರ್ಷ ಬಿಟ್ಟು ನೋಡಿ. ಹಳೆಯ ಹೂಡಿಕೆದಾರರು ಹೊಸ ಕಂಪನಿಗಳಲ್ಲಿ ಹಣ ಹಾಕುವ ವೆಂಚರ್ ಫಂಡ್‌ಗಳು. ಅವರು ತಮಗೆ ಹಣ ಕೊಟ್ಟವರಿಗೆ ಲಾಭ ಮರಳಿಸಬೇಕು, ಹಾಗಾಗಿ ಷೇರು ಮಾರಿ ಹೊರಡುತ್ತಾರೆ. ಇಲ್ಲೊಂದು ನಿಯಮ ಕೂತಿದೆ. ಬಿ ಷೇರು ಬೇರೆಯವರ ಕೈಗೆ ಹೋದ ಕ್ಷಣ ಎ ಷೇರಾಗಿ ಬದಲಾಗುತ್ತದೆ. ಹತ್ತು ಮತದಲ್ಲಿ ಒಂಬತ್ತು ಆವಿಯಾಗಿ ಹೋಗುತ್ತವೆ. ಈಗ ಮತ್ತೆ ಎಣಿಸಿ. ಸ್ಥಾಪಕಿಗೆ ಅದೇ 200. ಉಳಿದ 80 ಷೇರಿಗೆ 80 ಮತ. ಒಟ್ಟು 280. ಸ್ಥಾಪಕಿಯ ಪಾಲು ಶೇಕಡ 71!

ಒಂದೇ ಒಂದು ಷೇರು ಕೊಳ್ಳಲಿಲ್ಲ. ಒಂದು ಪೈಸೆ ಹಾಕಲಿಲ್ಲ. ಕಂಪನಿಯಲ್ಲಿ ಅವರ ಹಣದ ಪಾಲು ಅದೇ 20 ಶೇಕಡ. ಆದರೂ ಇನ್ನೊಬ್ಬರ ಒಪ್ಪಿಗೆ ಬೇಕಿದ್ದವರು ಈಗ ಯಾರನ್ನೂ ಕೇಳಬೇಕಿಲ್ಲ. ಅವರನ್ನು ತಡೆಯಬಲ್ಲವರಾಗಿದ್ದವರು ಹೊರಗೆ ಹೋಗುತ್ತಲೇ ಅವರ ಹಿಡಿತ ಬೆಳೆಯಿತು.

ಇನ್ನೊಂದು ಹೆಜ್ಜೆ. ಸ್ಥಾಪಕಿ ತಮ್ಮ ಅರ್ಧ ಷೇರು ಮಾರುತ್ತಾರೆ ಅನ್ನಿ. ಈಗ ಅವರ ಬಳಿ 10 ಬಿ ಷೇರು, 100 ಮತ. ಉಳಿದವರ ಬಳಿ 90 ಮತ. ಇನ್ನೂ ಬಹುಮತ ಅವರದೇ. ಎಲ್ಲಿಯವರೆಗೆ ಇಳಿಯಬಹುದು? ಒಂದಕ್ಕೆ ಹತ್ತರ ಲೆಕ್ಕದಲ್ಲಿ ಹನ್ನೊಂದನೇ ಒಂದು ಭಾಗ, ಸುಮಾರು 9.1 ಶೇಕಡದವರೆಗೆ. ಒಂದಕ್ಕೆ ಇಪ್ಪತ್ತು ಮತ ಇದ್ದರೆ ಇಪ್ಪತ್ತೊಂದನೇ ಒಂದು ಭಾಗ, ಅಂದರೆ ಐದು ಶೇಕಡಕ್ಕಿಂತ ಕಡಿಮೆ ಪಾಲು ಇಟ್ಟುಕೊಂಡೂ ಕಂಪನಿ ಆಳಬಹುದು.

ಅದಕ್ಕಿಂತ ಕೆಳಗೆ ಇಳಿಯಬೇಕು ಅನ್ನಿಸಿದರೆ? ಅದಕ್ಕೂ ದಾರಿ ಇದೆ: ಮತವೇ ಇಲ್ಲದ ಸಿ ಕ್ಲಾಸ್ ಷೇರು. ಗೂಗಲ್ ಇದನ್ನು 2014ರಲ್ಲಿ ಹಂಚಿತು. ನೌಕರರಿಗೆ ಕೊಡಲು, ಬೇರೆ ಕಂಪನಿ ಕೊಳ್ಳಲು ಹೊಸ ಎ ಷೇರು ಹೊರಡಿಸಿದಷ್ಟೂ ಸ್ಥಾಪಕರ ಮತ ತೆಳುವಾಗುತ್ತಿತ್ತು. ಸಿ ಷೇರಿನಲ್ಲಿ ಆ ತೊಂದರೆ ಇಲ್ಲ. ಆಗ ಫೇಸ್‌ಬುಕ್ ಎಂಬ ಹೆಸರಿದ್ದ ಮೆಟಾ 2016ರಲ್ಲಿ ಅದೇ ದಾರಿ ಹಿಡಿಯಿತು. ಷೇರುದಾರರ ಸಭೆಯಲ್ಲಿ ಪ್ರಸ್ತಾಪ ಪಾಸಾಯಿತು. ಆಗದೆ ಏನು, ಬಹುಮತ ಯಾರದು? ಹೂಡಿಕೆದಾರರು ಅಮೆರಿಕದ ಡೆಲವೇರ್ ರಾಜ್ಯದ ಕೋರ್ಟಿಗೆ ಹೋದರು. 2017ರ ಸೆಪ್ಟೆಂಬರ್‌ನಲ್ಲಿ, ಜುಕರ್‌ಬರ್ಗ್ ಸಾಕ್ಷಿ ಹೇಳಬೇಕಿದ್ದ ಕೆಲವೇ ದಿನ ಮುಂಚೆ, ಕಂಪನಿ ಯೋಜನೆಯನ್ನೇ ಕೈಬಿಟ್ಟಿತು.

ಇದು ಸಿಲಿಕಾನ್ ವ್ಯಾಲಿ ಕಂಡುಹಿಡಿದದ್ದು ಅಂದುಕೊಂಡವರಿಗೆ ಒಂದು ಹಳೆಯ ಕತೆ ಹೇಳಲೇಬೇಕು. 1925ರಲ್ಲಿ ಡಿಲನ್ ರೀಡ್ ಅನ್ನುವ ಬ್ಯಾಂಕಿಂಗ್ ಸಂಸ್ಥೆ ಡಾಡ್ಜ್ ಕಾರು ಕಂಪನಿಯನ್ನು 14.6 ಕೋಟಿ ಡಾಲರಿಗೆ ಕೊಂಡಿತು. ಬಾಂಡುಗಳನ್ನೂ ಮತವಿಲ್ಲದ ಷೇರುಗಳನ್ನೂ ಜನರಿಗೆ ಮಾರಿ ಆ ಹಣ ಎತ್ತಿತು. ಮತ ಇದ್ದದ್ದು 5 ಲಕ್ಷ ಬಿ ಷೇರಿಗೆ ಮಾತ್ರ. ಅದರಲ್ಲಿ ಬ್ಯಾಂಕರುಗಳು ಇಟ್ಟುಕೊಂಡದ್ದು 2,50,001. ಆ ಕೊನೆಯ ಒಂದನ್ನು ಗಮನಿಸಿ! ಅರ್ಧಕ್ಕಿಂತ ಒಂದೇ ಒಂದು ಜಾಸ್ತಿ. ಹಾರ್ವರ್ಡ್‌ನ ವಿಲಿಯಂ ರಿಪ್ಲೆ ಎಂಬ ಪ್ರೊಫೆಸರ್ ಇದನ್ನು ಎತ್ತಿ ತೋರಿಸಿ ದೊಡ್ಡ ಗಲಾಟೆ ಎಬ್ಬಿಸಿದರು. ಮರುವರ್ಷವೇ ನ್ಯೂಯಾರ್ಕ್ ಷೇರುಪೇಟೆ ಮತವಿಲ್ಲದ ಷೇರುಗಳಿಗೆ ಬಾಗಿಲು ಹಾಕತೊಡಗಿತು. ಅಪವಾದಗಳಿದ್ದವು, ಫೋರ್ಡ್ ಕುಟುಂಬಕ್ಕೆ 1956ರಲ್ಲಿ ಸಿಕ್ಕ ವಿಶೇಷ ಮತದ ಹಾಗೆ. ಆದರೂ ಆ ಬಾಗಿಲು ಹೆಚ್ಚುಕಡಿಮೆ ಅರವತ್ತು ವರ್ಷ ಮುಚ್ಚಿತ್ತು. 1980ರ ದಶಕದಲ್ಲಿ ಕಂಪನಿಗಳನ್ನು ಬಲವಂತವಾಗಿ ಕೊಂಡುಕೊಳ್ಳುವವರ ಹಾವಳಿ ಹೆಚ್ಚಿತು. ಆಡಳಿತಗಾರರು ರಕ್ಷಣೆ ಬೇಕು ಅಂದರು. ಎದುರಾಳಿ ಷೇರುಪೇಟೆಗಳು ಕೊಡಲು ಸಿದ್ಧವಿದ್ದವು. ನ್ಯೂಯಾರ್ಕ್ ಮಣಿಯಿತು.

ಸ್ಥಾಪಕರ ವಾದವನ್ನೂ ನ್ಯಾಯವಾಗಿ ಹೇಳಬೇಕು. ಮೂರು ತಿಂಗಳಿಗೊಮ್ಮೆ ಲಾಭ ಕೇಳುವ ಪೇಟೆಯ ಮುಂದೆ ಹತ್ತು ವರ್ಷದ ಕೆಲಸ ಮಾಡುವುದು ಕಷ್ಟ. ಗೂಗಲ್ 2004ರಲ್ಲಿ ಷೇರುಪೇಟೆಗೆ ಬಂದಾಗ ಇದನ್ನೇ ಹೇಳಿತು, ಮತ್ತು ಅಲ್ಲಿ ಷೇರು ಕೊಂಡವರು ದೂರುವಂಥದ್ದೇನೂ ಆಗಲಿಲ್ಲ. ಹೊಸ ಕಂಪನಿಯಲ್ಲಿ ಸ್ಥಾಪಕರ ದೃಷ್ಟಿಗೇ ಬೆಲೆ ಎಂಬ ಮಾತಿಗೆ ಸಂಶೋಧನೆಯ ಬೆಂಬಲವೂ ಇದೆ. ಎರಡು ಬಗೆ ಷೇರಿನ ಕಂಪನಿಗಳಿಗೆ ಐಪಿಒ ಹೊತ್ತಿನಲ್ಲಿ ಪೇಟೆ ತುಸು ಜಾಸ್ತಿಯೇ ಬೆಲೆ ಕೊಡುತ್ತದೆ. ತೊಂದರೆ ಏನೆಂದರೆ, ವರ್ಷಗಳು ಕಳೆದಂತೆ ಆ ಹೆಚ್ಚುವರಿ ಕರಗಿ, ಕೊನೆಗೆ ರಿಯಾಯಿತಿಯಾಗಿ ತಿರುಗುತ್ತದೆ.

ಯಾಕೆ? ನಮ್ಮ ಸ್ಥಾಪಕಿಗೆ ಹಿಂದಿರುಗೋಣ. ಈಗ ಅವರ ಪಾಲು 10 ಶೇಕಡ. ಅವರಿಗೆ ತುಂಬ ಇಷ್ಟವಾದ, ಆದರೆ ಲಾಭ ತರದ ಒಂದು ಯೋಜನೆಗೆ ಕಂಪನಿ 100 ಕೋಟಿ ಸುರಿಯುತ್ತದೆ. ನಷ್ಟದಲ್ಲಿ ಅವರ ಜೇಬಿನಿಂದ ಹೋಗುವುದು 10 ಕೋಟಿ. ಉಳಿದ 90 ಕೋಟಿ ಬೇರೆಯವರದು. ಹೋಟೆಲ್ ಬಿಲ್ಲಿನ ಹತ್ತನೇ ಒಂದು ಭಾಗ ಮಾತ್ರ ಕೊಡುವವರೇ ಎಲ್ಲರ ಪರವಾಗಿ ಆರ್ಡರ್ ಮಾಡಿದ ಹಾಗೆ. ಅವರು ಮೋಸಗಾರರು ಆಗಬೇಕಿಲ್ಲ, ಸುಮ್ನೆ ತಮ್ಮ ಯೋಜನೆಯ ಮೇಲೆ ಪ್ರೀತಿ ಇದ್ದರೆ ಸಾಕು. 20 ಶೇಕಡ ಇದ್ದಾಗ 20 ಕೋಟಿ ನಷ್ಟದ ಬಗ್ಗೆ ಯೋಚಿಸುತ್ತಿದ್ದರು, ಈಗ 10. ಷೇರು ಮಾರಿದಷ್ಟೂ ತಪ್ಪಿನ ಬೆಲೆ ಅವರಿಗೆ ಅಗ್ಗವಾಗುತ್ತದೆ, ಅಧಿಕಾರ ಮಾತ್ರ ಅಲ್ಲೇ ಉಳಿಯುತ್ತದೆ. ಹೂಡಿಕೆದಾರರು ಬೇರೂರುವಿಕೆ ಅಂತ ಹೆದರುವುದು ಇದಕ್ಕೇ. ಒಳ್ಳೆಯ ಬೆಲೆಗೆ ಕಂಪನಿ ಕೊಳ್ಳುತ್ತೇನೆ ಅಂತ ಯಾರಾದರೂ ಬಂದರೂ ಒಬ್ಬರು ಬೇಡ ಅಂದರೆ ಮುಗಿಯಿತು.

ಹಾಗಾದರೆ ಈ ಹಿಡಿತ ಎಂದೂ ಮುರಿಯುವುದಿಲ್ಲವೇ? ಮುರಿಯುತ್ತದೆ, ಕಂಪನಿಗೆ ಹೊರಗಿನ ಹಣ ಬೇಕಾದಾಗ. ಕಚೇರಿ ಜಾಗ ಬಾಡಿಗೆಗೆ ಕೊಡುವ ವಿವರ್ಕ್ ಕಂಪನಿ ನೋಡಿ. 2019ರ ಆಗಸ್ಟ್‌ನಲ್ಲಿ ಐಪಿಒ ಕಾಗದ ಸಲ್ಲಿಸಿದಾಗ ಸ್ಥಾಪಕ ಆಡಂ ನ್ಯೂಮನ್ ಅವರ ಷೇರಿಗೆ ತಲಾ 20 ಮತ. ಅವರ ನಂತರ ಯಾರು ಅನ್ನುವುದನ್ನು ಆರಿಸುವುದರಲ್ಲಿ ಅವರ ಹೆಂಡತಿಗೂ ಪಾತ್ರ ಇತ್ತು. ಕೊಳ್ಳುವವರು ಮುಖ ತಿರುಗಿಸಿದರು. ಇಪ್ಪತ್ತು ಹತ್ತಾಯಿತು. ಆದರೂ ಐಪಿಒ ನಡೆಯಲಿಲ್ಲ, ಸೆಪ್ಟೆಂಬರ್‌ನಲ್ಲೇ ನ್ಯೂಮನ್ ಸಿಇಒ ಹುದ್ದೆ ಬಿಟ್ಟರು, ಹತ್ತು ಮೂರಾಯಿತು. ಅಲ್ಲಿಯವರೆಗೂ ಬಹುಮತ ಅವರ ಬಳಿಯೇ ಇತ್ತು, ಆದರೆ ಕಂಪನಿಯ ಖಜಾನೆ ಬರಿದಾಗುತ್ತಿತ್ತು. ಮೆಟಾ ತರಹ ಸ್ವಂತ ದುಡಿಮೆಯಲ್ಲಿ ಹಣ ಹರಿಯುವ ಕಂಪನಿಗೆ ಇಂಥ ಒತ್ತಡ ಬರುವುದೇ ಇಲ್ಲ. ಹಾಗಾಗಿ ಪೇಟೆ ತಾನೇ ಸರಿಪಡಿಸುತ್ತದೆ ಅನ್ನುವ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ.

ಉಳಿದ ಅರ್ಧಕ್ಕೆ ಬೇಕಿರುವುದು ಸನ್‌ಸೆಟ್ ಷರತ್ತು, ಅಂದರೆ ವಿಶೇಷ ಮತಗಳು ಕೊನೆಯಾಗುವ ದಿನ. ಭಾರತದ ಷೇರುಪೇಟೆ ನಿಯಂತ್ರಕ ಸೆಬಿ 2019ರಲ್ಲಿ ತಂದ ನಿಯಮದಲ್ಲಿ ಇದು ಐದು ವರ್ಷ. ಇನ್ನೊಂದು ಐದು ವರ್ಷ ಮುಂದುವರಿಸಬಹುದು, ಆದರೆ ಆ ತೀರ್ಮಾನದಲ್ಲಿ ವಿಶೇಷ ಷೇರುದಾರರು ಮತ ಹಾಕುವಂತಿಲ್ಲ. ಆ ಕೊನೆಯ ತುಂಡೇ ಮುಖ್ಯ. ಅದಿಲ್ಲದಿದ್ದರೆ ತಮ್ಮ ಅವಧಿಯನ್ನು ತಾವೇ ಹಿಗ್ಗಿಸಿಕೊಳ್ಳುತ್ತಾರೆ. ಹಾಂಗ್‌ಕಾಂಗ್ 2018ರಲ್ಲಿ ಬೇರೆ ದಾರಿ ಹಿಡಿಯಿತು. ಸ್ಥಾಪಕರು ನಿರ್ದೇಶಕ ಸ್ಥಾನ ಬಿಟ್ಟರೆ ಅಥವಾ ತೀರಿಕೊಂಡರೆ ವಿಶೇಷ ಮತ ಅಲ್ಲಿಗೆ ಮುಗಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ.

ಐಪಿಒ ವಿವರಗಳಿರುವ ಪ್ರಾಸ್ಪೆಕ್ಟಸ್ ಕೈಗೆ ಬಂದರೆ ಒಂದಕ್ಕೆ ಎಷ್ಟು ಮತ ಅಂತ ಮೊದಲು ಹುಡುಕುವುದು ಎಲ್ಲರ ಅಭ್ಯಾಸ. ನಾನು ಮೊದಲು ನೋಡುವುದು ಬಿ ಷೇರು ಎಷ್ಟು ಜನರ ಬಳಿ ಹಂಚಿದೆ, ಯಾರು ಬೇಗ ಮಾರಿ ಹೋಗುತ್ತಾರೆ ಅನ್ನುವುದನ್ನು. ರಿಯಾಯಿತಿ ಕೂಪನ್ ಮಾರುವ ಗ್ರೂಪಾನ್ ಕಂಪನಿ 2011ರಲ್ಲಿ ಪೇಟೆಗೆ ಬಂದಾಗ ಅದರ ಬಿ ಷೇರಿಗೆ ತಲಾ 150 ಮತ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಆ ಷೇರುಗಳು ಇದ್ದದ್ದು ಮೂವರ ಬಳಿ. ಅವರಲ್ಲೊಬ್ಬರಾದ ಸಿಇಒ ಆಂಡ್ರ್ಯೂ ಮೇಸನ್ ಅವರನ್ನು ಮಂಡಳಿ 2013ರಲ್ಲಿ ಕೆಲಸದಿಂದ ತೆಗೆಯಿತು. ಅವರ ಪ್ರತಿ ಷೇರಿಗಿದ್ದ 150 ಮತ ಉಪಯೋಗಕ್ಕೆ ಬರಲಿಲ್ಲ, ಉಳಿದಿಬ್ಬರ ಬಳಿಯೂ ಅಂಥದ್ದೇ ಷೇರುಗಳಿದ್ದವು. ಐದು ವರ್ಷದ ಷರತ್ತಿನಂತೆ 2016ರ ಅಕ್ಟೋಬರ್‌ನಲ್ಲಿ ಆ ಬಿ ಷೇರುಗಳೂ ಒಂದು ಮತದ ಷೇರುಗಳಾದವು.