ಅಪ್ಪನ ಮನೆ ಮಾರಿದಾಗ ಕೊಂಡ ಬೆಲೆ ಯಾವುದು?

ನಿವೃತ್ತ ಶಿಕ್ಷಕಿಯೊಬ್ಬರು ಕಳೆದ ವರ್ಷ ನನ್ನ ಕಚೇರಿಗೆ ಬಂದಿದ್ದರು. ಮೈಸೂರಿನ ಕುವೆಂಪುನಗರದಲ್ಲಿ 30×40 ನಿವೇಶನದ ಮೇಲಿದ್ದ ತಂದೆಯ ಮನೆಯನ್ನು 2024ರ ನವೆಂಬರ್‌ನಲ್ಲಿ 1 ಕೋಟಿ 20 ಲಕ್ಷಕ್ಕೆ ಮಾರಿದ್ದರು. ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು ಉಳಿಯುವ ಲಾಭಕ್ಕೆ ಆದಾಯ ತೆರಿಗೆ ಲೆಕ್ಕ ಹಾಕಿಸಬೇಕಿತ್ತು. ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿ ತಂದಿದ್ದರು. ಜೊತೆಗೆ ಒಂದು ಚೀಟಿ: '2009ರ ಬೆಲೆ 30 ಲಕ್ಷ.' ತಂದೆ ತೀರಿಕೊಂಡದ್ದು 2009ರಲ್ಲಿ.

"ಇದನ್ನು ಯಾರು ಹೇಳಿದ್ದು?" ಎಂದೆ.

"ನ್ಯೂಜೆರ್ಸಿಯಲ್ಲಿರೋ ಮಗ ಸಾರ್. ಸತ್ತ ದಿನದ ಬೆಲೆಯೇ ನಮ್ಮ ಕೊಂಡ ಬೆಲೆ ಅಂತಾನೆ."

ಮಗ ಹೇಳಿದ್ದು ಅವನಿರುವ ದೇಶಕ್ಕೆ ಸರಿ. ಅಮೆರಿಕದಲ್ಲಿ ವಾರಸಾಗಿ ಬಂದ ಆಸ್ತಿಗೆ ಸಾಮಾನ್ಯವಾಗಿ ಮರಣದ ದಿನದ ಮಾರುಕಟ್ಟೆ ಬೆಲೆಯನ್ನೇ ಹಿಡಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ವಾರಸುದಾರನ ಕೈಗೆ ಆಸ್ತಿ ಬಂದಾಗ ಆದಾಯ ತೆರಿಗೆ ಇಲ್ಲ. ಅದೇ ಕಾರಣಕ್ಕೆ ಆ ದಿನದ ಬೆಲೆಗೂ ಮುಂದಿನ ಲೆಕ್ಕಕ್ಕೂ ಸಂಬಂಧವಿಲ್ಲ. ನಮ್ಮ ಕಾನೂನು ಹಿಂದಕ್ಕೆ ಹೋಗಿ, ಕೊನೆಯದಾಗಿ ದುಡ್ಡು ಕೊಟ್ಟು ಆಸ್ತಿ ಕೊಂಡವರು ಯಾರು ಎಂದು ಹುಡುಕುತ್ತದೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗಳಿಗೆ ಬಂದಿದ್ದರೆ ಅಜ್ಜ ಕೊಟ್ಟ ಬೆಲೆಯೇ ಮಗಳ ಬೆಲೆ. ಉಯಿಲು, ದಾನ, ಅವಿಭಕ್ತ ಕುಟುಂಬದ ವಿಭಾಗ, ಯಾವುದರಿಂದ ಬಂದಿದ್ದರೂ ಇದೇ ನಿಯಮ. ಅಜ್ಜ ಎಷ್ಟು ಕೊಟ್ಟ ಎಂದು ಪತ್ತೆಯೇ ಆಗದಿದ್ದರೆ, ಅವನು ಒಡೆಯನಾದ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು.

ಈ ಮನೆಯ ನಿವೇಶನ 1972ರಲ್ಲಿ ಆಗಿನ ನಗರ ಸುಧಾರಣಾ ಮಂಡಳಿ ಸಿಐಟಿಬಿಯಿಂದ ಮಂಜೂರಾದದ್ದು. 1976ರಲ್ಲಿ ನೆಲಮಹಡಿ, 1994ರಲ್ಲಿ ಮೊದಲ ಮಹಡಿ. 1976ರವರೆಗಿನ ಖರ್ಚು ಎಲ್ಲ ಸೇರಿ 40,000 ದಾಟಿರಲಿಲ್ಲ. ಅದೊಂದೇ ಬೆಲೆ ಆಗಿದ್ದರೆ ಟೀಚರ್ ಕತೆ ಮುಗಿಯುತ್ತಿತ್ತು. ಆದರೆ 2001ರ ಏಪ್ರಿಲ್ 1ಕ್ಕಿಂತ ಮೊದಲೇ ಆಸ್ತಿ ಕೊಂಡಿದ್ದರೆ, ಕೊಂಡ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಆರಿಸಿಕೊಳ್ಳುವ ಹಕ್ಕಿದೆ. ಕೊಂಡವರು ತಂದೆಯಾದರೂ ಸಾಕು, ಮಗಳೇ ಆಗಬೇಕಿಲ್ಲ.

ನೋಂದಾಯಿತ ಮೌಲ್ಯಮಾಪಕರು 2001ರ ಬೆಲೆ 15 ಲಕ್ಷ ಎಂದು ವರದಿ ಕೊಟ್ಟರು. (ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿದ್ದೇನೆ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.) 2020ಕ್ಕೆ ಮುಂಚೆಯಾಗಿದ್ದರೆ ಆ ವರದಿಯನ್ನೇ ಹಿಡಿದು ವಾದಿಸುತ್ತಿದ್ದೆವು. ಆ ವರ್ಷದ ಬಜೆಟ್ ಒಂದು ಮಿತಿ ಹಾಕಿತು: ಜಮೀನು, ಕಟ್ಟಡಕ್ಕೆ 2001ರ ಏಪ್ರಿಲ್ 1ರ ಮುದ್ರಾಂಕ ಮೌಲ್ಯ ಲಭ್ಯವಿದ್ದರೆ, ನಾವು ಹಿಡಿಯುವ ಬೆಲೆ ಅದನ್ನು ಮೀರುವಂತಿಲ್ಲ. ಅಂದರೆ ನಮ್ಮ ಉಪನೋಂದಣಾಧಿಕಾರಿ ಕಚೇರಿಯ ಆ ಕಾಲದ ಮಾರ್ಗಸೂಚಿ ದರ. ಹಳೆಯ ದರಪಟ್ಟಿಯ ನಕಲು ತೆಗೆಸಿ ನೋಡಿದರೆ ನಿವೇಶನಕ್ಕೆ 4.8 ಲಕ್ಷ, ಸವಕಳಿ ಕಳೆದ ಕಟ್ಟಡಕ್ಕೆ 4.2 ಲಕ್ಷ, ಒಟ್ಟು 9 ಲಕ್ಷ. ಮೌಲ್ಯಮಾಪಕರ 15 ಲಕ್ಷ ಕಡತದಲ್ಲೇ ಉಳಿಯಿತು. ಈಗ ಕಕ್ಷಿದಾರರಿಗೆ ನಾನು ಮೊದಲು ಹೇಳುವುದೇ ಇದು: ದರಪಟ್ಟಿ ನೋಡಿ, ಆಮೇಲೆ ಮೌಲ್ಯಮಾಪಕರಿಗೆ ಫೀಸು ಕೊಡಿ.

ಟೀಚರ್ ಇನ್ನೊಂದು ಕಾಗದ ತೆಗೆದರು. 1994ರ ಮೊದಲ ಮಹಡಿಯ ಸಿಮೆಂಟು, ಕಬ್ಬಿಣದ ಬಿಲ್ಲುಗಳು, ತಂದೆ ಜೋಪಾನ ಮಾಡಿದ್ದು. ಅವನ್ನು ಸೇರಿಸುವಂತಿಲ್ಲ ಎಂದಾಗ ಅವರ ಮುಖ ಸಪ್ಪೆಯಾಯಿತು. 2001ರ ಬೆಲೆಯಲ್ಲಿ ಆಗ ನಿಂತಿದ್ದ ಇಡೀ ಕಟ್ಟಡ ಸೇರಿಹೋಗಿದೆ. ಅದಕ್ಕೂ ಹಿಂದಿನ ಖರ್ಚನ್ನು ಮತ್ತೆ ಕೂಡಿಸಿದರೆ ಎರಡು ಸಲ ಎಣಿಸಿದಂತೆ. 2001ರ ನಂತರ ಏನಾದರೂ ಕಟ್ಟಿಸಿದ್ದು, ಬಿಲ್ಲು ಇದ್ದರೆ ಮಾತ್ರ ಲೆಕ್ಕಕ್ಕೆ.

ಇಷ್ಟಾದ ಮೇಲೆ ಋಣಭಾರ ಪತ್ರ ತಿರುವಿದಾಗ ಅವರು ಹೇಳದೇ ಬಿಟ್ಟ ಒಂದು ಸಾಲು ಸಿಕ್ಕಿತು: 2016ರ ಹಕ್ಕು ಬಿಡುಗಡೆ ಪತ್ರ. ತಂದೆಗೆ ಇಬ್ಬರೇ ಮಕ್ಕಳು, ತಾಯಿ ಮೊದಲೇ ಇರಲಿಲ್ಲ. ಹುಬ್ಬಳ್ಳಿಯಲ್ಲಿರುವ ತಮ್ಮ ತನ್ನ ಅರ್ಧ ಪಾಲನ್ನು 20 ಲಕ್ಷ ಪಡೆದು ಅಕ್ಕನಿಗೆ ಬಿಟ್ಟುಕೊಟ್ಟಿದ್ದ. "ಅದು ಮನೆಯೊಳಗಿನ ವ್ಯವಹಾರ ಅಲ್ವಾ ಸಾರ್?" ಎಂದರು. ಕಾನೂನಿನ ಕಣ್ಣಿಗೆ ಅದು ಮಾರಾಟ. ಆ ಅರ್ಧ ಇವರಿಗೆ ತಂದೆಯಿಂದ ಬಂದದ್ದಲ್ಲ, ತಮ್ಮನಿಂದ ಕೊಂಡದ್ದು. ಹಾಗಾಗಿ ಅದರ ಬೆಲೆ 2016ರಲ್ಲಿ ಕೊಟ್ಟ 20 ಲಕ್ಷ, 2001ರ ಆಯ್ಕೆ ಅದಕ್ಕಿಲ್ಲ. ತಮ್ಮ ಪ್ರೀತಿಯಿಂದ ದುಡ್ಡು ಪಡೆಯದೆ ಬಿಟ್ಟಿದ್ದರೆ ಅದು ದಾನದಂತಾಗಿ, ಆ ಅರ್ಧಕ್ಕೂ ತಂದೆಯ ಬೆಲೆಯೇ ಬರುತ್ತಿತ್ತು. ಅದಕ್ಕೇ ಬಿಡುಗಡೆ ಪತ್ರದಲ್ಲಿ ಪ್ರತಿಫಲದ ಸಾಲನ್ನು ಓದದೆ ನಾನು ಲೆಕ್ಕ ಶುರು ಮಾಡುವುದಿಲ್ಲ. ಇಲ್ಲಿ 20 ಲಕ್ಷವೂ ಬ್ಯಾಂಕ್ ಮೂಲಕ ಹೋಗಿತ್ತು, ಪುಣ್ಯಕ್ಕೆ.

ಹೀಗೆ ಒಂದೇ ಮನೆಗೆ ಎರಡು ಬೆಲೆ. ತಂದೆಯಿಂದ ಬಂದ ಅರ್ಧಕ್ಕೆ 9 ಲಕ್ಷದ ಅರ್ಧ, 4.5 ಲಕ್ಷ. ತಮ್ಮನಿಂದ ಕೊಂಡ ಅರ್ಧಕ್ಕೆ 20 ಲಕ್ಷ. ಒಟ್ಟು 24.5 ಲಕ್ಷ. ಲಾಭ 95.5 ಲಕ್ಷ.

2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ತೆರಿಗೆ ಶೇ. 12.5, ಹಣದುಬ್ಬರದ ಹೊಂದಾಣಿಕೆ ಇಲ್ಲ. ಅದಕ್ಕೆ ಮೊದಲೇ ಕೊಂಡ ಜಮೀನು, ಕಟ್ಟಡವನ್ನು ಇಲ್ಲಿಯ ನಿವಾಸಿ ವ್ಯಕ್ತಿ ಮಾರಿದರೆ ಹಳೆಯ ಕ್ರಮದಲ್ಲೂ, ಅಂದರೆ ಹಣದುಬ್ಬರ ಸೂಚ್ಯಂಕದಿಂದ ಕೊಂಡ ಬೆಲೆ ಏರಿಸಿ ಶೇ. 20ರಂತೆ, ಲೆಕ್ಕ ಹಾಕಿ ಯಾವುದು ಕಡಿಮೆಯೋ ಅಷ್ಟೇ ಕಟ್ಟಬಹುದು. ಸೂಚ್ಯಂಕ 2001-02ಕ್ಕೆ 100, 2016-17ಕ್ಕೆ 264, 2024-25ಕ್ಕೆ 363. ತಂದೆಯ ಅರ್ಧಕ್ಕೆ ಎಣಿಕೆ 2001ರಿಂದಲೇ. ವಾರಸಾಗಿ ಬಂದ ವರ್ಷದಿಂದ ಎಣಿಸಬೇಕೆಂದು ಇಲಾಖೆ ಹಿಂದೆ ಹಟ ಹಿಡಿದಿತ್ತು, ಹಿಂದಿನ ಒಡೆಯನ ಕಾಲದಿಂದ ಎಣಿಸಬೇಕೆಂದು ಬಾಂಬೆ ಹೈಕೋರ್ಟ್ 2011ರಲ್ಲಿ ಹೇಳಿತು.

ಹೊಸ ಕ್ರಮದಲ್ಲಿ 95.5 ಲಕ್ಷಕ್ಕೆ ತೆರಿಗೆ 11,93,750. ಹಳೆಯ ಕ್ರಮದಲ್ಲಿ 4.5 ಲಕ್ಷ ಏರಿ 16.34 ಲಕ್ಷ, 20 ಲಕ್ಷ ಏರಿ 27.5 ಲಕ್ಷ. ಲಾಭ ಸುಮಾರು 76 ಲಕ್ಷಕ್ಕೆ ಇಳಿದರೂ ತೆರಿಗೆ 15 ಲಕ್ಷ ದಾಟಿತು. ಹೊಸದೇ ಅಗ್ಗ. ಸೆಸ್, ಸರ್‌ಚಾರ್ಜ್ ಬೇರೆ. ನಾನು ಬಳಸುವ ಒಂದು ಸುಲಭ ಗುರುತು ಇದೆ: 2001ರ ಬೆಲೆಗಿಂತ ಮಾರಿದ ಬೆಲೆ ಸುಮಾರು ಎಂಟು ಪಟ್ಟಿಗಿಂತ ಕಡಿಮೆ ಇದ್ದರೆ ಹಳೆಯ ಕ್ರಮ ಲಾಭ, ಹೆಚ್ಚಿದ್ದರೆ ಹೊಸದು. ಊರು ನಿಧಾನವಾಗಿ ಬೆಳೆದ ಕಡೆ ಹಳೆಯದು ಇನ್ನೂ ಕೈ ಹಿಡಿಯುತ್ತದೆ. ಈ ಆಯ್ಕೆ ಅನಿವಾಸಿಗಳಿಗಿಲ್ಲ. ನ್ಯೂಜೆರ್ಸಿಯ ಮಗನ ಹೆಸರಿಗೆ ಮನೆ ಬಂದಿದ್ದರೆ ಅವನಿಗೆ ಶೇ. 12.5 ಒಂದೇ ದಾರಿ.

ಚೀಟಿಯಲ್ಲಿದ್ದ 30 ಲಕ್ಷ ಹಿಡಿದು ರಿಟರ್ನ್ ಹಾಕಿದ್ದರೆ ತೆರಿಗೆ ಸುಮಾರು 69,000 ಕಡಿಮೆ ತೋರುತ್ತಿತ್ತು. ಮುಂದೆ ನೋಟಿಸು ಬಂದಾಗ ಬಡ್ಡಿ, ದಂಡದ ಮಾತು ಬರುತ್ತಿತ್ತು.

ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕಾಯಿತು. ಇವರ ಪಾಲಿಗೆ ಕೊಂಡ ಬೆಲೆಯಾದ ಆ 20 ಲಕ್ಷ, ತಮ್ಮನ ಪಾಲಿಗೆ ಮಾರಿದ ಬೆಲೆ. "ನಿಮ್ಮ ತಮ್ಮ ಆ ವರ್ಷ ಅದನ್ನು ರಿಟರ್ನ್‌ನಲ್ಲಿ ತೋರಿಸಿದ್ದಾರಾ ಟೀಚರ್?"

ಅವರು ಚೀಲದ ಬಾಯಿ ಕಟ್ಟುತ್ತಿದ್ದವರು ನಿಲ್ಲಿಸಿ, "ಇವತ್ತು ರಾತ್ರಿ ಫೋನ್ ಮಾಡಿ ಕೇಳ್ತೀನಿ" ಎಂದರು.