ಸಿಎಫ್‌ಎ ಚಾರ್ಟರ್: ಮೂರು ಪರೀಕ್ಷೆ ಪಾಸಾದರೂ ಕೈಗೆ ಬಾರದ ಪದವಿ

ಡೊಂಬಿವಲಿಯಲ್ಲಿರುವ ನನ್ನ ಅಕ್ಕ ಮಗಳ ಮದುವೆಗೆಂದು ಬಯೋಡೇಟಾ ಮಾಡಿಸಿದ್ದಳು. ಹೆಸರಿನ ಮುಂದೆ "ಬಿ.ಕಾಂ., ಸಿಎಫ್‌ಎ" ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದಳು. ಮೂರನೇ ಪರೀಕ್ಷೆಯ ಫಲಿತಾಂಶ ಬಂದು ಒಂದು ವಾರವೂ ಆಗಿರಲಿಲ್ಲ. ಮಗಳು ನೋಡಿದವಳೇ ಪೆನ್ನು ತಗೊಂಡು ಆ ಮೂರಕ್ಷರ ಹೊಡೆದು ಹಾಕಿದಳು.

"ಅಮ್ಮಾ, ಇದು ಹಾಕೋ ಹಾಗಿಲ್ಲ. ನಂಗಿನ್ನೂ ಚಾರ್ಟರ್ ಬಂದಿಲ್ಲ."

"ಮೂರೂ ಪಾಸಾಯ್ತಲ್ಲೇ, ಇನ್ನೇನು ಬಾಕಿ?"

ಅಕ್ಕನ ಪ್ರಶ್ನೆ ಸರಿಯಾಗಿಯೇ ಇತ್ತು. ಸಿಎಫ್‌ಎ ಅಂದರೆ ಚಾರ್ಟರ್ಡ್ ಫೈನಾನ್ಶಿಯಲ್ ಅನಲಿಸ್ಟ್. ಷೇರು, ಬಾಂಡ್, ಕಂಪನಿಗಳ ಲೆಕ್ಕಪತ್ರ ಓದಿ ಎಲ್ಲಿ ಹಣ ಹೂಡಬಹುದು ಎಂದು ತೂಗಿ ನೋಡುವವರ ಪದವಿ ಇದು. ಲೆಕ್ಕಪರಿಶೋಧಕರ ಸಿಎಗೂ ಇದಕ್ಕೂ ಸಂಬಂಧವಿಲ್ಲ. ಕೊಡುವುದು ಅಮೆರಿಕದ ಸಿಎಫ್‌ಎ ಇನ್‌ಸ್ಟಿಟ್ಯೂಟ್. ಮೊದಲ ಪರೀಕ್ಷೆ ನಡೆದದ್ದು 1963ರಲ್ಲಿ. ಆ ಸಂಸ್ಥೆ ಕೊಡುವ ಮಾನ್ಯತೆಗೇ ಚಾರ್ಟರ್ ಎಂದು ಹೆಸರು. ಅದು ಕೈಗೆ ಬರುವ ತನಕ ಹೆಸರಿನ ಜೊತೆ ಸಿಎಫ್‌ಎ ಎಂದು ಬರೆದುಕೊಳ್ಳುವಂತಿಲ್ಲ. "ಮೂರೂ ಹಂತ ಪಾಸಾಗಿದ್ದೇನೆ" ಎಂದು ಹೇಳಿಕೊಳ್ಳಬಹುದು. ಅದು ನಡೆದ ಸಂಗತಿ, ಪದವಿಯಲ್ಲ.

ಹಾಗಾದರೆ ಬಾಕಿ ಇದ್ದದ್ದು ಏನು? ಕೆಲಸದ ಅನುಭವ. 4,000 ಗಂಟೆ, ಅದೂ ಕನಿಷ್ಠ 36 ತಿಂಗಳಲ್ಲಿ ಹರಡಿಕೊಂಡಿರಬೇಕು. ಈ ಎರಡನೇ ಷರತ್ತನ್ನು ತುಂಬಾ ಜನ ಗಮನಿಸುವುದೇ ಇಲ್ಲ. ವಾರಕ್ಕೆ 40 ಗಂಟೆ ಎಂದರೂ ನೂರು ವಾರಕ್ಕೆ 4,000 ಗಂಟೆ ತುಂಬಿಬಿಡುತ್ತದೆ, ಅಂದರೆ ಎರಡು ವರ್ಷವೂ ಬೇಡ. ಆದರೂ ಮೂರು ವರ್ಷ ಕಾಯಲೇಬೇಕು. ದಿನಕ್ಕೆ ಹದಿನಾಲ್ಕು ಗಂಟೆ ದುಡಿದರೂ ಈ 36 ತಿಂಗಳು ಕಡಿಮೆಯಾಗುವುದಿಲ್ಲ. ಒಂದು ಅನುಕೂಲ ಇದೆ. ಈ ಅನುಭವವನ್ನು ಪರೀಕ್ಷೆಗೆ ಮೊದಲು, ಪರೀಕ್ಷೆಗಳ ನಡುವೆ, ಆಮೇಲೆ ಯಾವಾಗ ಬೇಕಾದರೂ ಗಳಿಸಬಹುದು.

ಯಾವ ಕೆಲಸವಾದರೂ ನಡೆಯುತ್ತದಾ? ಇಲ್ಲ. ಹೂಡಿಕೆಯ ತೀರ್ಮಾನದಲ್ಲಿ ನೇರ ಪಾಲು ಇರಬೇಕು, ಇಲ್ಲವೇ ಆ ತೀರ್ಮಾನಕ್ಕೆ ಆಧಾರವಾಗುವ ಏನನ್ನಾದರೂ ನೀವು ತಯಾರಿಸಿ ಕೊಡುತ್ತಿರಬೇಕು. ಕಂಪನಿ ದೊಡ್ಡದೋ ಸಣ್ಣದೋ, ವಿಸಿಟಿಂಗ್ ಕಾರ್ಡಿನಲ್ಲಿ ಏನು ಬರೆದಿದೆ ಎನ್ನುವುದು ಮುಖ್ಯವಲ್ಲ. ದಿನಾ ಕೂತು ಮಾಡುವ ಕೆಲಸ ಏನು ಎಂದೇ ನೋಡುತ್ತಾರೆ.

ಅಕ್ಕನ ಮಗಳ ವಿಷಯದಲ್ಲಿ ಪೆಟ್ಟು ಬಿದ್ದದ್ದು ಇಲ್ಲೇ. ಬಿ.ಕಾಂ. ಮುಗಿದ ಜುಲೈಯಲ್ಲಿ ಅವಳಿಗೆ ಮಲಾಡ್‌ನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ವಿದೇಶಿ ಫಂಡ್‌ಗಳ ಕೆಲಸ, ಕಾರ್ಡಿನಲ್ಲಿ "ಅನಲಿಸ್ಟ್" ಎಂದೇ ಇತ್ತು. ಆದರೆ ಮಾಡುತ್ತಿದ್ದದ್ದು ರಿಕನ್ಸಿಲಿಯೇಷನ್. ಬ್ರೋಕರ್ ಕಳಿಸಿದ ಪಟ್ಟಿಯಲ್ಲಿ ಐದು ಸಾವಿರ ಷೇರು ಕೊಂಡಿದ್ದಾರೆ ಎಂದಿದ್ದರೆ, ಷೇರು ಇಟ್ಟುಕೊಳ್ಳುವ ಬ್ಯಾಂಕಿನ ಪಟ್ಟಿಯಲ್ಲೂ ಅಷ್ಟೇ ಇದೆಯಾ ಎಂದು ತಾಳೆ ನೋಡುವುದು. ತಪ್ಪು ಕಂಡರೆ ಮೇಲ್ ಹಾಕುವುದು. ಆ ಷೇರು ಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಅಷ್ಟರಲ್ಲಿ ಆಗಿ ಮುಗಿದಿರುತ್ತದೆ. ಹಾಗಾಗಿ ಆ ಎರಡು ವರ್ಷವನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ಅದೇ ಆಫೀಸಿನಲ್ಲಿ ಫಂಡ್ ಮ್ಯಾನೇಜರ್ ಓದಿ ತೀರ್ಮಾನ ಮಾಡುವಂಥ ವರದಿ ತಯಾರಿಸುತ್ತಿದ್ದರೆ ಆ ಗಂಟೆಗಳನ್ನು ತೋರಿಸಬಹುದಿತ್ತು.

ಮುಂಬಯಿಯ ನಮ್ಮ ಹೋಟೆಲ್ ಮನೆತನಗಳ ಹುಡುಗರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಮನೆಯ ದುಡ್ಡನ್ನೆಲ್ಲ ಷೇರಲ್ಲಿ ಹಾಕಿ ನೋಡಿಕೊಳ್ಳೋದು ನಾನೇ, ಅದು ಅನುಭವ ಅಲ್ವಾ?" ಅಲ್ಲ. ಸ್ವಂತದ, ಮನೆಯವರ ಹಣ ನೋಡಿಕೊಳ್ಳುವುದು ಈ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನು ಪರೀಕ್ಷೆ. ಮೂರು ಹಂತ, ಒಂದನ್ನು ದಾಟದೆ ಇನ್ನೊಂದಿಲ್ಲ. 2021ರಿಂದ ಎಲ್ಲವೂ ಕಂಪ್ಯೂಟರಿನಲ್ಲಿ. ಮೊದಲನೆಯದು 180 ಪ್ರಶ್ನೆ, ನಾಲ್ಕೂವರೆ ಗಂಟೆ. ಒಂದಕ್ಕೆ ಒಂದೂವರೆ ನಿಮಿಷ ಬಂತು. ಎರಡನೆಯದರಲ್ಲಿ 88 ಪ್ರಶ್ನೆ, ಒಂದಕ್ಕೆ ಮೂರು ನಿಮಿಷ. ಸಮಯ ಜಾಸ್ತಿ ಎನಿಸುತ್ತದೆ, ಆದರೆ ಪ್ರತಿ ನಾಲ್ಕು ಪ್ರಶ್ನೆಗೆ ಮೊದಲು ಒಂದು ಉದ್ದದ ಪ್ರಸಂಗ ಓದಿ, ಅದರಲ್ಲಿರುವ ಕೋಷ್ಟಕದಿಂದ ಬೇಕಾದ ಅಂಕಿ ಹೆಕ್ಕಬೇಕು. ಮೂರನೆಯದರಲ್ಲಿ ಆಯ್ಕೆಯ ಪ್ರಶ್ನೆಗಳ ಜೊತೆ ನಾವೇ ಉತ್ತರ ಬರೆದು ಕಾರಣ ಕೊಡುವ ಭಾಗವೂ ಇದೆ.

ಒಂದೊಂದು ಹಂತಕ್ಕೂ ಸುಮಾರು 300 ಗಂಟೆ ಓದಬೇಕು ಎನ್ನುವುದು ವಾಡಿಕೆಯ ಅಂದಾಜು. ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಹನ್ನೊಂದು, ಹನ್ನೆರಡು ಗಂಟೆ. ಡೊಂಬಿವಲಿಯಿಂದ ಮಲಾಡಿಗೆ ದಾದರ್ ಮೇಲೆ ಹೋಗಿ ಬರುವವಳಿಗೆ ಅದು ಸಣ್ಣ ಮಾತಲ್ಲ. ಲೋಕಲ್‌ನಲ್ಲಿ ನಿಂತುಕೊಂಡು ಸೂತ್ರ ನೆನಪು ಮಾಡಿಕೊಳ್ಳಬಹುದು, ಲೆಕ್ಕ ಬಿಡಿಸಲಾಗದು. ಲೆಕ್ಕವೆಲ್ಲ ಶನಿವಾರ, ಭಾನುವಾರಕ್ಕೆ.

ಮಲಾಡ್‌ನಲ್ಲಿ ಒಂದು ವರ್ಷ ಕಳೆದ ಮೇಲೆ ಅವಳು ಆಗಸ್ಟ್‌ನಲ್ಲಿ ಓದಲು ಶುರು ಮಾಡಿ ಫೆಬ್ರವರಿಯಲ್ಲಿ ಮೊದಲ ಹಂತ ಪಾಸಾದಳು. ಆ ಜುಲೈಯಲ್ಲಿ ಐರೋಲಿಯ ಇನ್ನೊಂದು ಕಂಪನಿಗೆ ಸೇರಿದಳು. ಅಲ್ಲಿ ಸಿಮೆಂಟ್ ಕಂಪನಿಗಳ ಮುಂದಿನ ಮೂರು ವರ್ಷದ ಆದಾಯ ಅಂದಾಜು ಮಾಡಿ ಲಂಡನ್‌ನ ಅನಲಿಸ್ಟ್‌ಗಳಿಗೆ ಕಳಿಸುವ ಕೆಲಸ. ಅವಳ 36 ತಿಂಗಳ ಎಣಿಕೆ ಶುರುವಾದದ್ದು ಆ ದಿನದಿಂದ.

ಹೊಸ ಕೆಲಸದ ಗಡಿಬಿಡಿಯಲ್ಲಿ ಆಗಸ್ಟ್‌ನ ಎರಡನೇ ಹಂತ ಫೇಲಾಯಿತು. ಒಂದು ಸೋಲಿಗೆ ಎಷ್ಟು ಸಮಯ ಹೋಗುತ್ತದೆ ನೋಡಿ. ಎರಡನೇ ಹಂತ ನಡೆಯುವುದು ಮೇ, ಆಗಸ್ಟ್, ನವೆಂಬರ್‌ನಲ್ಲಿ. ಅದೇ ಹಂತವನ್ನು ಮತ್ತೆ ಬರೆಯಲು ಆರು ತಿಂಗಳ ಅಂತರ ಬೇಕು, ಹಾಗಾಗಿ ನವೆಂಬರ್ ತಪ್ಪಿತು. ಫೆಬ್ರವರಿಯಲ್ಲಿ ಆ ಪರೀಕ್ಷೆಯೇ ಇಲ್ಲ. ಮುಂದಿನ ಮೇ ತನಕ, ಒಂಬತ್ತು ತಿಂಗಳು ಕಾಯಬೇಕಾಯಿತು. ಮೇಯಲ್ಲಿ ಫೇಲಾಗಿದ್ದರೆ ನವೆಂಬರ್‌ನಲ್ಲೇ ಬರೆಯಬಹುದಿತ್ತು. ಎರಡನೇ ಹಂತಕ್ಕೆ ತಿಂಗಳು ಆರಿಸುವಾಗ ನನ್ನ ಮಟ್ಟಿಗೆ ಇದೊಂದನ್ನು ನೋಡಿಯೇ ಹೆಸರು ನೋಂದಾಯಿಸಬೇಕು. ಒಂದು ಹಂತಕ್ಕೆ ಒಟ್ಟು ಆರು ಅವಕಾಶ ಮಾತ್ರ ಎನ್ನುವುದೂ ನೆನಪಿರಲಿ.

ಮೇಯಲ್ಲಿ ಪಾಸಾದಳು, ಮರುವರ್ಷ ಫೆಬ್ರವರಿಯಲ್ಲಿ ಮೂರನೆಯದೂ ಆಯಿತು. ಫಲಿತಾಂಶ ಬಂದ ಏಪ್ರಿಲ್‌ಗೆ ಐರೋಲಿಯಲ್ಲಿ 21 ತಿಂಗಳು ತುಂಬಿತ್ತು. ಇನ್ನೂ 15 ತಿಂಗಳು ಬೇಕು. ಪುಸ್ತಕ ತೆರೆದ ದಿನದಿಂದ ಎಣಿಸಿದರೆ ಒಟ್ಟು ನಾಲ್ಕು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಸಾಮಾನ್ಯವಾಗಿ ಜನಕ್ಕೆ ಹಿಡಿಯುವ ಕಾಲವೂ ಸುಮಾರು ನಾಲ್ಕು ವರ್ಷವೇ. ಎಲ್ಲೂ ಎಡವದಿದ್ದರೆ ಪರೀಕ್ಷೆಗಳನ್ನು ಒಂದೂವರೆ ವರ್ಷದಲ್ಲೂ ಮುಗಿಸಬಹುದು. ಆದರೆ ಚಾರ್ಟರ್ ಬರುವ ದಿನವನ್ನು ಎಷ್ಟೋ ಸಲ ತೀರ್ಮಾನಿಸುವುದು ಕೆಲಸದ ಲೆಕ್ಕ. ಮಲಾಡ್‌ನಿಂದ ಒಂದು ವರ್ಷ ಮೊದಲೇ ಹೊರಟಿದ್ದರೆ ಅವಳಿಗೆ ಮೂರೇ ತಿಂಗಳು ಉಳಿಯುತ್ತಿತ್ತು.

ಈಗ ಅವಳು ಒಂದು ವಹಿ ಇಟ್ಟಿದ್ದಾಳೆ. ಯಾವ ತಿಂಗಳು ಯಾವ ಕಂಪನಿಯ ಆದಾಯದ ಅಂದಾಜು ಮಾಡಿದೆ, ಅದನ್ನು ಯಾರು ಬಳಸಿದರು ಎಂದು ಎರಡು ಸಾಲು. ಅರ್ಜಿಯಲ್ಲಿ ಕೆಲಸವನ್ನು ಬಿಡಿಸಿ ಬರೆಯಬೇಕು, ಆ ಕೆಲಸ ಬಲ್ಲವರು ಶಿಫಾರಸು ಕೊಡಬೇಕು. ಆಮೇಲೆ ಸದಸ್ಯತ್ವದ ಶುಲ್ಕ ಪ್ರತಿ ವರ್ಷವೂ ಇದೆ. ಕಟ್ಟದೆ ಬಿಟ್ಟರೆ ಆ ಮೂರಕ್ಷರ ಬಳಸುವ ಹಕ್ಕೂ ಹೋಗುತ್ತದೆ.

ಅಕ್ಕ ಬಯೋಡೇಟಾ ಮತ್ತೆ ಟೈಪ್ ಮಾಡಿಸಿದಳು. ವಿದ್ಯಾಭ್ಯಾಸದ ಸಾಲಿನಲ್ಲಿ ಈಗ ಹೀಗಿದೆ: "ಬಿ.ಕಾಂ. ಸಿಎಫ್‌ಎ ಪರೀಕ್ಷೆಯ ಮೂರೂ ಹಂತ ಪಾಸು."